ಹೊಸತೊಡಕಿನ ಗುಡ್ಡೆ

ಪಾಂಡವಪುರದ ಹೊರಗಿನ ಒಂದು ಗಾರ್ಮೆಂಟ್ಸ್‌ನಲ್ಲಿ ಲೆಕ್ಕ ಬರೆಯುವವಳು ಸುಧ. ಯುಗಾದಿ ಮಾರ್ಚ್ ಕೊನೆಗೇ ಬಂದ ಆ ವರ್ಷ ಮಾಲೀಕ ರಂಗಸ್ವಾಮಿ ಹಬ್ಬಕ್ಕೆ ಮೊದಲೇ ಎಲ್ಲರ ಸಂಬಳ ಹಾಕಿಸಿದ. ಬ್ಯಾಂಕಿನಲ್ಲಿ ಇನ್ನೂ ದುಡ್ಡಿರುವುದು ನೋಡಿ ಹಿಗ್ಗಿಹೋದ.

"ಹೊಸತೊಡಕಿಗೆ ಎಲ್ರಿಗೂ ಗುಡ್ಡೆ ಬಾಡು ಅಂಚ್ಬುಡವ. ಕುರಿಮರಿಗೆ ನಲವತ್ತು ಸಾವ್ರ ತಗಿಯವ್ವ."

ಸುಧಳಿಗೆ ಮೈಯುರಿಯಿತು. "ಅದು ಮಿಕ್ಕ ದುಡ್ಡಲ್ಲ ಸಾರ್. ಒಟ್ಟು ಸಂಬಳ ಐದು ಲಕ್ಷ. ಅದ್ರಲ್ಲಿ ಅವರ ಪಿಎಫ್ಫು, ಇಎಸ್ಐ ಅಂತ 63,750 ಮುರ್ಕೊಂಡು ಉಳಿದಿದ್ದ ಕೊಟ್ಟಿದೀವಿ. ಅದರ ಮೇಲೆ ನಮ್ ಪಾಲು, ಶುಲ್ಕ ಸೇರಿ 78,750. ಎರಡೂ ಕೂಡಿ 1,42,500 ಇನ್ನೂ ಕಟ್ಬೇಕು. ತಿಂಗಳ ಕೊನೇ ಲೆಕ್ಕದಲ್ಲಿ ಅದು ನಮ್ ಸಾಲ."

"ಮುಂದಿನ ಹದಿನೈದಕ್ಕಲ್ವಾ ಕಟ್ಟದು? ಅಷ್ಟೊತ್ಗೆ ಬಿಲ್ಲು ಬತ್ತದೆ ಬುಡು."

"ಹೋದ ತಿಂಗಳೂ ಇಂಗೇ ಅಂದ್ರಿ. ಅದೂ ಕಟ್ಟಿಲ್ಲ."

"ಹಬ್ಬದೊತ್ನಲ್ಲಿ ಬಾಯಿ ಮುಚ್ಕೊಂಡು ಬರಿಯಮ್ಮ!"

ಸುಧ ಬಾಕಿಯನ್ನು ಬಾಕಿ ಎಂದೇ ಬರೆದಳು. ಆದರೆ ಬಾಯಿ ಮಾತ್ರ ಮುಚ್ಚಿಕೊಂಡಳು.

ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬೆಳಿಗ್ಗೆ, ಶೆಡ್ಡಿನ ಮುಂದೆ ಮುತ್ತುಗದೆಲೆಯ ಮೇಲೆ ಗುಡ್ಡೆಗುಡ್ಡೆ ಮಾಂಸ. ಹೊಲಿಗೆಯ ಗೌರಮ್ಮ ತನ್ನ ಪಾಲನ್ನು ಸೆರಗಿನಡಿ ಹಿಡಿದು ಬಂದಳು.

"ಎಂಥಾ ಕೈ ಕಣವ್ವ ನಮ್ ಸಾವ್ಕಾರ್ರುದು! ಪಿಎಫ್ಫಲ್ಲಿ ಎಷ್ಟು ಕೂಡ್ಯದೆ ನೋಡಿ ಯೋಳವ್ವ, ಮಗಳ ಮದ್ವೆಗೆ ತಗೀಬೇಕು."

ಹಾಗೆನ್ನುತ್ತಲೇ ಇನ್ನೊಂದು ಗುಡ್ಡೆ ಎತ್ತಿ ಸುಧಳ ಕೈಗಿಟ್ಟಳು.

"ತಗಳವ್ವ, ಪುಕ್ಸಟ್ಟೆ ಬಾಡು."