ನಾಳೆ ಬನ್ನಿ ಎಂದ ಹಳೆಯ ದಿನಗಳು

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಕಡೆ ಒಂದೇ ಟ್ರಸ್ಟಿನ ಡಯಾಲಿಸಿಸ್ ಘಟಕಗಳಿದ್ದವು. ಒಂದು ಕಡೆ ಯಂತ್ರ ಕೆಟ್ಟರೆ ರೋಗಿಯನ್ನು ಇನ್ನೊಂದು ಕಡೆ ಕಳಿಸುತ್ತಿದ್ದರು. ಅದನ್ನು ಫೋನಿನಲ್ಲಿ ಹೇಳಿ, ಬರೆದುಕೊಳ್ಳಲು ಮರೆತು, ಒಮ್ಮೊಮ್ಮೆ ಒಂದೇ ಯಂತ್ರಕ್ಕೆ ಇಬ್ಬರು ಬಂದು ಕೂರುವಂತಾಗುತ್ತಿತ್ತು. ಮೂರೂ ಪಟ್ಟಿಗಳನ್ನು ದಿನಾ ಒಂದುಗೂಡಿಸುವ ವ್ಯವಸ್ಥೆ ಮಾಡಿಕೊಡುವ ಕೆಲಸ, ಕುಮಟಾದ ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿದ್ದ ನನ್ನ ಪಾಲಿಗೆ ಬಂತು.

ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಒಂದರ ಹಿಂದೆ ಒಂದರಂತೆ ಓಡಿಸುವ ಏರ್‌ಫ್ಲೋ ಎಂಬ ತಂತ್ರಾಂಶದಲ್ಲಿ ಅದನ್ನು ಹೆಣೆದೆ. ಸಂಜೆ ನಾಲ್ಕಕ್ಕೆ ಮೂರು ಘಟಕಗಳಿಂದ ಮಾಹಿತಿ ತರುವ ಮೂರು ಕೆಲಸಗಳು. ಮೂರೂ ಮುಗಿದ ಮೇಲೆಯೇ ಪಟ್ಟಿ ಜೋಡಣೆ. ಅದು ಸರಿಯಾದರೆ ಮಾತ್ರ ರೋಗಿಗಳ ಮೊಬೈಲಿಗೆ ಸಂದೇಶ: 'ನಾಳೆ ಬೆಳಿಗ್ಗೆ ಆರು ಗಂಟೆಗೆ ನಿಮ್ಮ ಸರದಿ.'

ಭಟ್ಕಳ ಘಟಕದ ಹಿರಿಯ ಸಿಸ್ಟರ್ ಫೋನಿನಲ್ಲಿ ಕೇಳಿದ್ದರು. "ನಮ್ಮಲ್ಲಿ ಕರೆಂಟ್ ಹೋದ್ರೆ ನೆಟ್ಟೂ ಹೋಗ್ತದೆ. ಆಗ ಎಂತ ಮಾಡೂದು?"

"ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನ ಮಾಡ್ತದೆ ಸಿಸ್ಟರ್. ಹಾಗೆ ಮೂರು ಸಲ."

"ಅಲ್ಲಿ ತನಕ ಹೊನ್ನಾವರದವರೂ ಕಾಯ್ಬೇಕಾ?"

"ಕಾಯ್ಲೇಬೇಕು. ನಿಮ್ಮಲ್ಲಿಂದ ಅಲ್ಲಿಗೆ ಯಾರು ಹೋಗ್ತಾರೆ ಅಂತ ಗೊತ್ತಾಗದೆ ಅವರ ಪಟ್ಟಿ ಹೇಗೆ ಮಾಡೂದು?"

"ಆತು," ಎಂದರು.

ಇಷ್ಟೆಲ್ಲ ಯೋಚಿಸಿದವಳು ಒಂದನ್ನು ಯೋಚಿಸಲಿಲ್ಲ. ಹಳೆಯ ದಾಖಲೆಯೂ ಸೇರಲಿ ಎಂದು ಆರಂಭದ ದಿನಾಂಕವನ್ನು ನಾಲ್ಕು ತಿಂಗಳು ಹಿಂದಕ್ಕೆ ಇಟ್ಟಿದ್ದೆ. ಕ್ಯಾಚಪ್, ಅಂದರೆ ತಪ್ಪಿಹೋದ ದಿನಗಳನ್ನೂ ಓಡಿಸಬೇಕೇ ಎಂಬುದರ ಬಗ್ಗೆ ಏನೂ ಬರೆದಿರಲಿಲ್ಲ. ನಾವು ಬಳಸುತ್ತಿದ್ದ ಆವೃತ್ತಿಯಲ್ಲಿ, ಬೇಡವೆಂದು ಬರೆಯದಿದ್ದರೆ ಅದು ಬೇಕು ಎಂದೇ ಅರ್ಥ.

ಒಂದು ಬೆಳಿಗ್ಗೆ ಹತ್ತು ಗಂಟೆಗೆ ಅದನ್ನು ಚಾಲೂ ಮಾಡಿದೆ. ತಪ್ಪಿಹೋದ ದಿನಗಳನ್ನು ತುಂಬಿಸಲು ಅದು ಆ ನಾಲ್ಕು ತಿಂಗಳ ಮೊದಲ ದಿನದಿಂದ ಹೊರಟಿತು. ಹದಿನಾರು ದಿನಗಳ ಓಟಗಳು ಒಟ್ಟಿಗೆ ಶುರುವಾದವು. ಪರದೆಯ ಮೇಲೆ ಮುಗಿದ ಕೆಲಸಗಳ ಹಸಿರು ಚೌಕಗಳು ಏರುತ್ತಿದ್ದುದನ್ನು ನೋಡಿ, ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಖುಷಿಪಟ್ಟೆ. ಒಂದೊಂದು ಓಟವೂ ತನ್ನ ದಿನವನ್ನೇ ಇವತ್ತೆಂದು ತಿಳಿದು, ಅದರ ಮರುದಿನದವರಿಗೆಲ್ಲ 'ನಾಳೆ ಬನ್ನಿ' ಎಂದು ಕಳಿಸುತ್ತಿದೆಯೆಂಬುದು ಹೊಳೆಯಲೇ ಇಲ್ಲ.

ಸಿಸ್ಟರ್ ಫೋನು ಬಂತು. "ಎಂತ ಮಾಡಿದ್ರಿ ಮೇಡಂ? ಒಬ್ಬರಿಗೆ ಐದೈದು ಮೆಸೇಜ್ ಬಂದದೆ. ಎಲ್ಲರೂ ನಮಗೇ ಫೋನ್ ಮಾಡ್ತಾ ಇದ್ರು."

ವಿರಾಮದ ಗುಂಡಿ ಒತ್ತಿದೆ. ಆಗಲೇ ಓಡುತ್ತಿದ್ದ ಕೆಲಸಗಳು ಅದಕ್ಕೆ ನಿಲ್ಲುವುದಿಲ್ಲ. ಒಂದೊಂದು ಓಟವನ್ನೂ ವಿಫಲವೆಂದು ಗುರುತು ಹಾಕುತ್ತ ಹೋದೆ. ಅಷ್ಟರಲ್ಲಿ ಹೋಗುವುದೆಲ್ಲ ಹೋಗಿತ್ತು. ಹಿಂದಿನದನ್ನು ಲೆಕ್ಕಿಸಬೇಡಿ ಎಂದು ಎಲ್ಲರಿಗೂ ಇನ್ನೊಂದು ಸಂದೇಶ ಕಳಿಸಿದೆ.

"ಒಂದು ಮನೆಗೆ ಮೆಸೇಜ್ ಸಾಕಾಗೂದಿಲ್ಲ," ಎಂದರು ಸಿಸ್ಟರ್. "ಮುಟ್ಟಳ್ಳಿಯದ್ದು. ನಮ್ಮಲ್ಲಿಗೆ ಬರ್ತಿದ್ದ ಗಂಡ ತೀರಿಕೊಂಡು ಮೂರು ತಿಂಗಳಾತು. ಆ ಫೋನ್ ಈಗ ಹೆಂಡತಿ ಹತ್ತಿರ ಅದೆ."

ಮಧ್ಯಾಹ್ನದ ಬಸ್ಸು ಹಿಡಿದೆ. ಕಿಟಕಿಯ ಪಕ್ಕ ಕೂತು ಹೇಳಬೇಕಾದ ಮಾತನ್ನು ಹತ್ತು ಬಗೆಯಲ್ಲಿ ಜೋಡಿಸಿದೆ, ಯಾವುದೂ ಕೂಡಲಿಲ್ಲ. ಹಳದೀಪುರದಲ್ಲಿ ಇಳಿದು ವಾಪಸಾಗೋಣ ಅನ್ನಿಸಿತು. ಭಟ್ಕಳದಲ್ಲಿ ಸಿಸ್ಟರ್ ಜೊತೆಯಾದರು.

ಮುಟ್ಟಳ್ಳಿಯ ಆ ಮನೆಯಾಕೆ ಅಂಗಳದಲ್ಲಿ ತೆಂಗಿನಗರಿ ಹೆಣೆಯುತ್ತಿದ್ದರು. ತಪ್ಪು ನನ್ನದು, ಹಳೆಯ ದಿನದ ಪಟ್ಟಿ ಮತ್ತೆ ಓಡಿತು ಎಂದು ಹೇಗೋ ಹೇಳಿದೆ.

"ಬೆಳಿಗ್ಗೆ ಓದಿದ ಕೂಡ್ಲೆ ಅವರ ಆಸ್ಪತ್ರೆ ಚೀಲ ಹುಡುಕೂಕೆ ಎದ್ದೆ ನಾನು," ಎಂದರು ಆಕೆ. "ಬಾಗಿಲ ತನಕ ಹೋದ್ಮೇಲೆ ನೆನಪಾತು."

ಬೈದಿದ್ದರೆ ಹಗುರವಾಗುತ್ತಿತ್ತೇನೋ. ಆಕೆ ಬೈಯಲಿಲ್ಲ.

"ಅವರ ಆರು ಗಂಟೆ ಈಗ ಯಾರಿಗೆ ಕೊಟ್ಟೀರಿ?"

ಪಟ್ಟಿಯೆಲ್ಲ ನನ್ನ ಕೈಯಲ್ಲೇ ಓಡಾಡಿತ್ತು, ಆದರೂ ನನಗೆ ಗೊತ್ತಿರಲಿಲ್ಲ. ಸಿಸ್ಟರ್ ಹೇಳಿದರು. "ಒಬ್ಬರು ಬಾಲವಾಡಿ ಟೀಚರಿಗೆ. ಮೊದಲು ಕುಮಟಾಕ್ಕೆ ಹೋಗ್ತಿದ್ರು. ಈಗ ಇಲ್ಲೇ ಆತು."

"ಹತ್ತಿರ ಆತಲ್ಲ, ಒಳ್ಳೇದಾತು," ಎಂದು ಆಕೆ ಮತ್ತೆ ಗರಿ ಎತ್ತಿಕೊಂಡರು. ಗಂಡನ ನಂಬರನ್ನು ಪಟ್ಟಿಯಿಂದ ತೆಗೆಯಲೇ ಎಂದು ನಾನು ಕೇಳಿದ್ದಕ್ಕೆ, "ಹೌದು, ತೆಗೀರಿ" ಎಂದಷ್ಟೇ ಹೇಳಿದರು.

ಮರುದಿನ ಎಲ್ಲವನ್ನೂ ಬಿಚ್ಚಿದೆ. ದಿನದ ಓಟಕ್ಕೆ ಕ್ಯಾಚಪ್ ಬೇಡವೆಂದು ಸ್ಪಷ್ಟವಾಗಿ ಬರೆದೆ, ಒಮ್ಮೆಗೆ ಒಂದೇ ಓಟ ಎಂದು ಕಟ್ಟುಹಾಕಿದೆ. ಹಳೆಯ ದಾಖಲೆ ತುಂಬಿಸಲು ಬೇರೆಯೇ ಒಂದು ಓಟ, ಅದರಲ್ಲಿ ಸಂದೇಶದ ಕೆಲಸವೇ ಇಲ್ಲ. ಸಂದೇಶದಲ್ಲಿ 'ನಾಳೆ' ತೆಗೆದು ದಿನಾಂಕ ಹಾಕಿದೆ. ಕಳಿಸಿದ್ದನ್ನು ಬರೆದಿಟ್ಟು, ಅದೇ ದಿನಾಂಕಕ್ಕೆ ಅದೇ ವ್ಯಕ್ತಿಗೆ ಎರಡನೇ ಸಲ ಹೋಗದಂತೆ ಮಾಡಿದೆ.

ಅದನ್ನು ಹೊಸದಾಗಿ ಹೊರಡಿಸಿದ ಸಂಜೆ ಭಟ್ಕಳದಲ್ಲಿ ಕರೆಂಟ್ ಹೋಯಿತು. ಉಳಿದೆರಡು ಘಟಕಗಳ ಕೆಲಸಗಳು ಮುಗಿದು ಹಸಿರಾಗಿ ಕಾಯುತ್ತಿದ್ದವು. ಮೊದಲ ಮರುಪ್ರಯತ್ನವೂ ಸೋತಿತು. ಕೂರಲಾಗದೆ ಮೆಟ್ಟಿಲವರೆಗೆ ಹೋಗಿ ಬಂದೆ, ಮತ್ತೆ ಹೋದೆ. ಎರಡನೆಯದು ಹಿಡಿಯಿತು. ಪಟ್ಟಿ ಕೂಡಿತು, ಸಂದೇಶಗಳು ಹೋದವು.

ಸಿಸ್ಟರಿಗೆ ಫೋನ್ ಮಾಡಿದೆ. "ಒಬ್ಬೊಬ್ಬರಿಗೆ ಎಷ್ಟೆಷ್ಟು ಬಂತು?"

"ಒಂದೊಂದೇ," ಎಂದರು.

ಆದರೂ ನಾಳೆಯವರೆಲ್ಲರ ಹೆಸರನ್ನು ಒಂದೊಂದಾಗಿ ಓದಿ ಹೇಳಿ ಎಂದೆ. ಅವರು ಸಿಡುಕದೆ ಓದತೊಡಗಿದರು.