ತಂಗಿಯ ಮದುವೆ ಜಂಪರಿಗೆ ನಾಲ್ಕು ಇಂಚು

ಕೊಟ್ಟೂರಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ನನ್ನ ಕೈಗೆ ಈವರೆಗೆ ಯಾರೂ ಹೆಸರಿಟ್ಟಿಲ್ಲ. ಜಂಬದಿಂದಲೇ ಹೇಳುತ್ತಿದ್ದೇನೆ. ಆದರೆ ಅದೇ ಜಂಬ ಒಮ್ಮೆ ನನ್ನ ತಂಗಿಯ ಮರ್ಯಾದೆ ಕಳೆಯುವುದರಲ್ಲಿತ್ತು.

ತಂಗಿ ಬಾಣಂತನಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಅವ್ವ ತುಪ್ಪ, ಅಂಟಿನುಂಡೆ ತಿನ್ನಿಸಿ ತಿನ್ನಿಸಿ ಅವಳ ಮೈ ತುಂಬಿತ್ತು. ಮಗುವನ್ನು ತೊಟ್ಟಿಲಿಗೆ ಹಾಕಲು ಎರಡು ದಿನವಿದೆ ಎನ್ನುವಾಗ ಹರಪನಹಳ್ಳಿಯಿಂದ ಅವಳ ನಾದಿನಿಯ ವಿಡಿಯೋ ಕಾಲ್ ಬಂತು. "ಮದುವಿ ಸೀರಿ ಉಡ್ತೀಯೇನು ಅತ್ಗಿ? ಆ ಜಂಪರ್ ಈಗ ನಿನ್ನ ತೋಳಿಗೂ ಹತ್ತಂಗಿಲ್ಲ ಬಿಡು" ಎಂದು ನಕ್ಕಳಂತೆ.

ತಂಗಿ ಅಳುತ್ತಾ ಬಂದು ಆ ಹಸಿರು ರೇಷ್ಮೆ ಜಂಪರನ್ನು ನನ್ನ ಮಷೀನಿನ ಮೇಲೆ ಒಗೆದಳು. "ಅಕ್ಕಾ, ನೀನ ಹೊಲದದ್ದು, ನೀನ ಬಿಚ್ಚಿ ದೊಡ್ಡದು ಮಾಡು. ತೊಟ್ರ ಇದನ್ನ ತೊಡ್ತೀನಿ. ಇಲ್ಲಂದ್ರ ನೈಟಿ ಹಾಕ್ಕೊಂಡು ತೊಟ್ಲ ತೂಗ್ತೀನಿ!"

"ಸುಮ್ಕಿರಲೇ ಹುಚ್ಚಿ, ಅದೇನು ದೊಡ್ಡ ಕೆಲಸ" ಎಂದು ಟೇಪು ಹಿಡಿದೆ. ಮದುವೆಯಲ್ಲಿ ಎದೆ ಮೂವತ್ತನಾಲ್ಕಿತ್ತು, ಈಗ ಮೂವತ್ತೆಂಟು. ಜಂಪರಿನ ಒಳಮೈ ತಿರುಗಿಸಿದೆ. ಬಗಲಲ್ಲಿ ಬಿಡಲು ಬಟ್ಟೆಯೇ ಇರಲಿಲ್ಲ.

ನನಗೆ ಹೊಲಿಗೆ ಕಲಿಸಿದ ಮಾಸ್ತರರು ನೂರು ಸಲ ಹೇಳಿದ್ದರು: "ಹೆಣ್ಣುಮಕ್ಕಳ ಮೈ ಇವತ್ತಿದ್ದಂಗ ನಾಳಿ ಇರಂಗಿಲ್ಲವ್ವಾ. ಬಗಲಾಗ ಒಂದೂವರಿ ಇಂಚು ಬಿಡು." ಹಿಂದು ಮುಂದು, ಎರಡೂ ಬಗಲು ಸೇರಿ ನಾಲ್ಕು ಅಂಚು. ಹೊಲಿಗೆಗೆ ಅರ್ಧ ಇಂಚು ಉಳಿಸಿದರೂ ಅಂಚಿಗೊಂದರಂತೆ ನಾಲ್ಕು ಇಂಚು ಸಲೀಸಾಗಿ ಸಿಗುತ್ತಿತ್ತು. ಆದರೆ ಮದುವೆಯ ಹೊತ್ತಿಗೆ ನಾನು ಹೊಸ ಓವರ್‌ಲಾಕ್ ಮಷೀನು ತಂದಿದ್ದೆ. ಅದು ಅಂಚು ಹೊಲಿಯುತ್ತಲೇ ಹೆಚ್ಚಿನ ಬಟ್ಟೆಯನ್ನು ಕತ್ತರಿಸಿ ಬಿಸಾಡುತ್ತದೆ. ಒಳಮೈಯೂ ಶೋರೂಮಿನದರಂತೆ ಕಾಣಲಿ ಎಂದು ಅರ್ಧ ಇಂಚಷ್ಟೇ ಬಿಟ್ಟು ಎಲ್ಲವನ್ನೂ ಸವರಿಬಿಟ್ಟಿದ್ದೆ. ಥೂ ನನ್ನ ಬುದ್ಧಿಗಿಷ್ಟು!

ಬಟ್ಟೆ ಸಡಿಲವಾದರೆ ಹಿಡಿದು ಹೊಲಿಯುವುದು ಸುಲಭ. ಬಿಗಿಯಾದರೆ ಬಿಡುವುದಕ್ಕೆ ಒಳಗೆ ಬಟ್ಟೆ ಇರಬೇಕು. ಎದೆಯ ಡಾಟು, ಅಂದರೆ ಆಕಾರಕ್ಕೆ ಹಿಡಿದ ಮಡಿಕೆ, ಬಿಚ್ಚಿದರೆ ತುಸು ಸಡಿಲಾಗುತ್ತದೆ, ಆದರೆ ರೇಷ್ಮೆಯ ಮೇಲೆ ಹಳೆಯ ಹೊಲಿಗೆಯ ತೂತು ಎದೆಯ ಮೇಲೇ ಕಾಣುತ್ತದೆ. ಹೆಗಲು ಸರಿಯಾಗಿಯೇ ಇತ್ತು, ಅದನ್ನು ಮುಟ್ಟಬಾರದು. ಉಳಿದದ್ದು ಒಂದೇ ದಾರಿ: ಸೊಂಟದಿಂದ ಕಂಕುಳ ಮೂಲಕ ತೋಳಿನ ಅಂಚಿನವರೆಗೆ, ಎರಡೂ ಕಡೆ ಮೂರು ಮೂರು ಇಂಚಿನ ಪಟ್ಟಿ ಜೋಡಿಸುವುದು. ಹೊಲಿಗೆಗೆ ಹೋಗಿ ಎರಡೆರಡು ಇಂಚು ದಕ್ಕುತ್ತದೆ. ಅದಕ್ಕೆ ಅದೇ ಹಸಿರು ಬೇಕು.

ಮರುದಿನ ಕೊಟ್ಟೂರಿನ ಅಂಗಡಿಗಳನ್ನು ಸುತ್ತಿ, ಹಗರಿಬೊಮ್ಮನಹಳ್ಳಿಗೂ ಬಸ್ಸು ಹತ್ತಿ ಹೋಗಿಬಂದೆ. ಒಂದು ಕಡೆ ಗಿಣಿಹಸಿರು, ಇನ್ನೊಂದು ಕಡೆ ಪಾಚಿ ಬಣ್ಣ. ಬರಿಗೈಲಿ ಮನೆಗೆ ಬಂದಾಗ ಅವ್ವ ಕಟ್ಟೆಯ ಮೇಲೆ ಕೂತು ಮೊಮ್ಮಗನ ತೊಟ್ಟಿಲಿಗೆಂದು ಹೊಲಿದ ಕೌದಿಯನ್ನು ಮಡಚುತ್ತಿದ್ದಳು. ಅದರ ಎರಡು ಅಂಚಿಗೆ ಅದೇ ಹಸಿರು!

"ಅವ್ವಾ, ಇದೆಲ್ಲಿಂದ ಬಂತು?"

"ನೀನ ಕೊಟ್ಟಿದ್ದಿ. ಮದುವಿ ಜಂಪರ್ ಕತ್ತರಿಸಿ ಉಳಿದ ಬಟ್ಟಿ. ನಿನ್ನ ಅಂಗಡಿ ಚಿಂದಿ ಎಲ್ಲಾ ನನ್ನ ಕೌದಿಗೇ ಅಲ್ಲೇನು?"

ನಾನು ತಪ್ಪೊಪ್ಪಿಕೊಂಡೆ. ಓವರ್‌ಲಾಕಿನ ಕಥೆ ಕೇಳಿ ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಕೈಯಾಗ ಕತ್ರಿ ಇದ್ದಾಕಿಗೆ ತಲಿಯಾಗೂ ಏನರ ಇರಬೇಕವ್ವಾ" ಎಂದವಳೇ, ತಿಂಗಳುಗಟ್ಟಲೆ ಕೂತು ಹಾಕಿದ ಹೊಲಿಗೆಯನ್ನು ತನ್ನ ಕೈಯಿಂದಲೇ ಬಿಚ್ಚತೊಡಗಿದಳು. ನನಗೆ ಕಣ್ಣು ತುಂಬಿ ಬಂತು.

ಪಟ್ಟಿಯಲ್ಲಿ ಕೌದಿಯ ಸೂಜಿಯ ತೂತುಗಳಿದ್ದವು. ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಅರ್ಧಕ್ಕರ್ಧ ಮುಚ್ಚಿದವು, ಉಳಿದವು ಕಂಕುಳಲ್ಲಿ ಯಾರಿಗೂ ಕಾಣುವುದಿಲ್ಲ. ಲೈನಿಂಗಿಗೂ ಪಟ್ಟಿ ಕೊಟ್ಟು, ಕಂಕುಳಲ್ಲಿ ಎರಡು ಸಲ ಹೊಲಿಗೆ ಓಡಿಸಿದೆ.

ತೊಟ್ಟಿಲ ದಿನ ತಂಗಿ ಮದುವೆಯ ಸೀರೆಯುಟ್ಟು ಬಂದಳು. ಮಗುವನ್ನು ತೊಟ್ಟಿಲ ಮೇಲಿಂದ ದಾಟಿಸಲು ಎರಡೂ ಕೈ ಎತ್ತಿದಳು. ಎಲ್ಲರೂ ಮಗುವನ್ನು ನೋಡುತ್ತಿದ್ದರು, ನಾನು ಉಸಿರು ಹಿಡಿದು ಅವಳ ಕಂಕುಳನ್ನು ನೋಡುತ್ತಿದ್ದೆ. ಒಂದು ಎಳೆಯೂ ಜಗ್ಗಲಿಲ್ಲ.

"ಹೊಸಾದು ಹೊಲಿಸಿಯಲ್ಲ ಅತ್ಗಿ?" ಎಂದಳು ನಾದಿನಿ.

ತಂಗಿ ಮತ್ತೆ ತೋಳೆತ್ತಿ ಪಟ್ಟಿಯನ್ನೇ ತೋರಿಸಿದಳು. "ಅದ ಹಳೇದು. ಇದು ನನ್ನ ಮಗನ ಕೌದಿ ಬಟ್ಟಿ. ನಮ್ಮಕ್ಕ ಹೊಲದಾಳ, ನೋಡ್ಕೋ!" ಹೆಂಗಸರೆಲ್ಲ ಬಾಗಿ ಬಾಗಿ ನೋಡಿದರು. ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನನಗಂತೂ ಆವತ್ತು ಕೊಟ್ಟೂರೇ ಸಾಲದಷ್ಟು ಹಿಗ್ಗು.

ಊಟದ ಮೇಲೆ ನಾದಿನಿ ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು. "ಅಕ್ಕಾರ, ನನ್ನ ಮದುವಿ ಜಂಪರೂ ಹಿಡಿಸವಲ್ದು. ನಾಲ್ಕು ಇಂಚು ಬಿಡಾಕ ಆಕ್ಕೇತೇನ್ರಿ?"

"ತಗೊಂಡು ಬಾರವ್ವಾ. ಒಳಮೈ ತಿರುವಿ ನೋಡಿ ಹೇಳ್ತೀನಿ" ಎಂದೆ.