ಕತ್ತರಿಸಿದ ನಮಸ್ಕಾರ

ಬೀದಿ ಕೊನೆಯ ಸಲೂನಿನ ಯಜಮಾನ ದನಿಯೆತ್ತಿ ಮಾತಾಡಿದ್ದನ್ನು ಕೇಳಿದವರಿಲ್ಲ. ಸಲೂನಿನ ಪ್ರಚಾರಕ್ಕೆಂದು ಮಗಳು ಮೊಬೈಲ್ ಹಿಡಿದಾಗಲೆಲ್ಲ ಬಾಚಣಿಗೆ ಜೇಬಿಗಿಟ್ಟು, ಕೈಮುಗಿದು, "ನಮಸ್ಕಾರ, ಚೆನ್ನಾಗಿದ್ದೀರಾ?" ಎಂದು ಮೆತ್ತಗೆ ಶುರು ಮಾಡುತ್ತಿದ್ದ.

ಮಗಳಿಗೆ ಮೈ ಉರಿಯುತ್ತಿತ್ತು. "ಅಪ್ಪಾ, ನೀನು ನಮಸ್ಕಾರ ಅನ್ನೋಷ್ಟರಲ್ಲಿ ಜನ ಮುಂದಿನ ವಿಡಿಯೋಗೆ ಹೋಗಿರ್ತಾರೆ. ಮೊದಲ ಮಾತಲ್ಲೇ ಹಿಡಿದು ನಿಲ್ಲಿಸ್ಬೇಕು. ಜೋರಾಗಿ ಹೇಳು!"

"ಬಂದೋರನ್ನ ಮಾತಾಡಿಸ್ದೆ ಕತ್ತರಿ ಹಿಡೀತಾರೇನಮ್ಮಾ?" ಎಂದು ಗೊಣಗುತ್ತಲೇ ಅವನು ಅವಳು ಹೇಳಿಕೊಟ್ಟಂತೆ ಕೂಗುತ್ತಿದ್ದ: "ಒದ್ದೆ ತಲೆ ಗಸಗಸ ಉಜ್ತೀರಾ? ಅದಕ್ಕೇ ಕೂದಲು ತುಂಡಾಗೋದು!" ನಮಸ್ಕಾರವನ್ನು ಅವಳು ಕತ್ತರಿಸಿ ಎಸೆಯುತ್ತಿದ್ದಳು. ಅವಳ ಲೆಕ್ಕ ತಪ್ಪಿರಲಿಲ್ಲ. ವಿಡಿಯೋ ನೋಡಿ ಹೊಸಬರು ಹುಡುಕಿಕೊಂಡು ಬಂದರು.

ಅವನು ಹೃದಯಾಘಾತದಿಂದ ತೀರಿಕೊಂಡ ಮೇಲೆ, ಒಂದು ಮಧ್ಯಾಹ್ನ ಅಮ್ಮ ಮಗಳ ಪಕ್ಕ ಬಂದು ಕೂತಳು. "ಅವರು ನಮಸ್ಕಾರ ಅನ್ನೋದನ್ನ ಒಂದ್ಸಲ ಕೇಳಿಸೇ."

ಮಗಳು ಮೊಬೈಲೆಲ್ಲ ಜಾಲಾಡಿದಳು. ಜಾಗ ಸಾಲದೆಂದು ಕತ್ತರಿಸದ ವಿಡಿಯೋಗಳನ್ನೆಲ್ಲ ಅವಳೇ ಅಳಿಸಿಹಾಕಿದ್ದಳು. ಕೊನೆಗೆ ಉಳಿದಿದ್ದನ್ನೇ ಹಾಕಿದಳು: "ಒದ್ದೆ ತಲೆ ಗಸಗಸ ಉಜ್ತೀರಾ?"

ಅಮ್ಮ ಪೂರ್ತಿ ನೋಡಿದಳು.

"ಮುಖವೇನೋ ಅವರದ್ದೇ ಕಣೇ," ಎಂದಳು. "ದನಿ ಯಾರದ್ದು?"